ಕೋರ್ ಕಟ್ಟರ್ ಒಂದು ಹೇಳುತ್ತದೆ, ಮರಳು ಇನ್ನೊಂದು ಹೇಳುತ್ತದೆ

ಪ್ರಶ್ನೆ: ಸರ್, ಮಳವಳ್ಳಿ ಕಡೆ ರಸ್ತೆ ಕೆಲಸ. ಕಲ್ಲು ಬೆರೆತ ಗರಸು ಮಣ್ಣು. ಪಕ್ಕಪಕ್ಕದಲ್ಲೇ ಟೆಸ್ಟ್ ಮಾಡಿದ್ರೆ ಒಣ ಸಾಂದ್ರತೆ ಕೋರ್ ಕಟ್ಟರ್‌ನಲ್ಲಿ 1.76 ಗ್ರಾಂ/ಸಿಸಿ, ಸ್ಯಾಂಡ್ ರಿಪ್ಲೇಸ್‌ಮೆಂಟ್‌ನಲ್ಲಿ 1.87 ಬಂತು. ಲ್ಯಾಬ್‌ನ ಗರಿಷ್ಠ 1.95, ಬೇಕಾಗಿರೋದು 97%. ಎರಡೂ ಫೇಲ್. ಆಗ ವೈಬ್ರೇಟರಿ ರೋಲರ್ ಹತ್ತಿರದಲ್ಲೇ ಓಡ್ತಿತ್ತು. ಯಾವುದನ್ನು ನಂಬಲಿ?

ಉತ್ತರ: 1.76 ಅನ್ನು ಬಿಟ್ಟುಬಿಡಿ. 1.87 ಅನ್ನೂ ಈಗಲೇ ನಂಬಬೇಡಿ.

ಕೋರ್ ಕಟ್ಟರ್ ಅಂದರೆ ನೆಲಕ್ಕೆ ಬಡಿದು ಮಣ್ಣು ತುಂಬಿಕೊಂಡು ತೆಗೆಯುವ ಕೊಳವೆ, ಅದು ಸಣ್ಣ ಕಣದ ಮಣ್ಣಿಗೆ ಮಾಡಿದ್ದು. ಮಣ್ಣಿನ ಶೇ. 90 ಭಾಗವಾದರೂ 4.75 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ನಿಮ್ಮ ಗರಸಿನಲ್ಲಿ ಕಟ್ಟರ್ ಬಡಿಯುವಾಗ ಅಂಚಿಗೆ ಕಲ್ಲೊಂದು ಸಿಕ್ಕಿದರೆ ಅದು ಕತ್ತರಿಸೋದಿಲ್ಲ, ಜೊತೆಗೇ ಕೆಳಕ್ಕೆ ಎಳೆದುಕೊಂಡು ಹೋಗಿ ಪಕ್ಕದ ಮಣ್ಣನ್ನು ಸಡಿಲ ಮಾಡಿ ಟೊಳ್ಳು ಬಿಡುತ್ತದೆ. ಕಟ್ಟರ್‌ನ ಒಳಗಿನ ಜಾಗ ಸುಮಾರು 1000 ಸಿಸಿ ಅಷ್ಟೇ. ನಿಂಬೆಹಣ್ಣಿನಷ್ಟು, ಅಂದರೆ 60 ಸಿಸಿ ಟೊಳ್ಳು ಬಿದ್ದರೂ ಶೇ. 6 ಹೋಯಿತು. 1.87ಕ್ಕೂ 1.76ಕ್ಕೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಅದೇ ಅಲ್ವಾ! ಮುಂದಿನ ಸಲ ಕಟ್ಟರ್‌ನಿಂದ ಮಣ್ಣು ಹೊರತೆಗೆದು ನೋಡಿ. ಬದಿಯಲ್ಲಿ ಗೀರು, ಕುಳಿ ಕಂಡರೆ ತೂಕ ಮಾಡೋದೇ ದಂಡ.

ಇನ್ನು ಮರಳಿನ ಲೆಕ್ಕ. ಇಲ್ಲಿ ಗುಂಡಿ ತೆಗೆದು, ಅದು ತುಂಬೋಕೆ ಎಷ್ಟು ಮರಳು ಹಿಡಿಯಿತು ಅನ್ನೋದರಿಂದ ಗುಂಡಿಯ ಗಾತ್ರ ಲೆಕ್ಕ ಹಾಕುತ್ತೇವೆ. ಒಂದು ಉದಾಹರಣೆ ನೋಡಿ. ಗುಂಡಿಯಿಂದ ತೆಗೆದ ಹಸಿ ಮಣ್ಣು 2430 ಗ್ರಾಂ. ಸಿಲಿಂಡರಿನಿಂದ ಇಳಿದ ಮರಳು 2160 ಗ್ರಾಂ, ಅದರಲ್ಲಿ ಸಿಲಿಂಡರಿನ ಕೆಳಗಿನ ಕೋನ್‌ನಲ್ಲೇ ಉಳಿದದ್ದು 450. ಗುಂಡಿಗೆ ಹೋದದ್ದು 1710 ಗ್ರಾಂ. ಮರಳಿನ ಸಾಂದ್ರತೆ 1.45 ಅಂತ ಹಿಡಿದರೆ ಗುಂಡಿ 1179 ಸಿಸಿ. ಹಸಿ ಸಾಂದ್ರತೆ 2.06, ತೇವ ಶೇ. 10 ಇದ್ದರೆ ಒಣದ್ದು 1.87. ಅಂದರೆ ಶೇ. 96. ಫೇಲ್.

ಆದರೆ 1.45 ಅನ್ನೋದು ಮರಳು ತಾನಾಗಿ ಸುರಿದಾಗಿನ ಲೆಕ್ಕ. ರೋಲರ್ ಅದುರಿಸಿದರೆ ಗುಂಡಿಯ ಮರಳು ಕೂತುಕೊಂಡು ಇನ್ನಷ್ಟು ಮರಳು ಇಳಿಯುತ್ತದೆ. ಗುಂಡಿ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ಮರಳು ನಿಜವಾಗಿ 1.49ಕ್ಕೆ ಕೂತಿದ್ದರೆ ಗುಂಡಿ 1148 ಸಿಸಿ, ಒಣ ಸಾಂದ್ರತೆ 1.92, ಶೇ. 98ರ ಮೇಲೆ. ಪಾಸ್! ಅಷ್ಟೇ ಚಂಚಲ ಈ ಟೆಸ್ಟು.

ಮರಳು ಒದ್ದೆಯಾದರೆ ಇದರ ತಿರುಗುಮುರುಗು. ಕಣಗಳು ಅಂಟಿಕೊಂಡು ಸಡಿಲವಾಗಿ ಕೂರುತ್ತವೆ, ಕಮ್ಮಿ ಮರಳು ಇಳಿಯುತ್ತದೆ, ಸಾಂದ್ರತೆ ಸುಳ್ಳೇ ಜಾಸ್ತಿ ಬರುತ್ತದೆ. ಇದು ಹೆಚ್ಚು ಅಪಾಯ, ಯಾಕಂದ್ರೆ ಪಾಸಾದ ರಿಸಲ್ಟನ್ನು ಯಾರೂ ಮತ್ತೆ ಚೆಕ್ ಮಾಡಲ್ಲ. ನಾನೇ ಒಮ್ಮೆ ಬೆಳಿಗ್ಗೆ ಮಂಜಿನಲ್ಲಿ ನೆನೆದ ಚೀಲದ ಮರಳು ಬಳಸಿ ಶೇ. 103 ತಂದು ಸಂತೋಷಪಟ್ಟಿದ್ದೆ.

ಹಾಗಾಗಿ ರೋಲರ್ ನಿಲ್ಲಿಸಿ, ಹಳೆ ಗುಂಡಿಯಿಂದ ಒಂದೆರಡು ಅಡಿ ದೂರದಲ್ಲಿ ಹೊಸ ಗುಂಡಿ ತೆಗೆಯಿರಿ. 1 ಮಿ.ಮೀ.ನಲ್ಲಿ ಇಳಿದು 600 ಮೈಕ್ರಾನ್ ಜರಡಿ ಮೇಲೆ ನಿಂತ ಒಣ ಮರಳನ್ನು ಬಳಸಿ, ಅದೇ ಮರಳಿಗೆ ಅದೇ ದಿನ ಕ್ಯಾಲಿಬ್ರೇಷನ್ ಮಾಡಿ. ಕಲ್ಲು ದಪ್ಪ ಇದ್ದರೆ 100 ಮಿ.ಮೀ. ಗುಂಡಿ ಸಾಲದು, 200 ಮಿ.ಮೀ. ಗುಂಡಿಯ ದೊಡ್ಡ ಸಿಲಿಂಡರ್ ಕೇಳಿ ತರಿಸಿ.