ಟ್ರೂವಿಲ್ಲಿನ ಮರಳು, ತವರದ ಟ್ಯೂಬ್

ಪ್ರಶ್ನೆ: ಬಣ್ಣದ ಟ್ಯೂಬ್ ಬಂದಿದ್ದರಿಂದಲೇ ಕಲಾವಿದರು ಸ್ಟುಡಿಯೊ ಬಿಟ್ಟು ಬಯಲಿಗೆ ಬಂದರಂತೆ. ಟ್ಯೂಬ್ ಇಲ್ಲದಿದ್ದರೆ ಇಂಪ್ರೆಷನಿಸಂ ಹುಟ್ಟುತ್ತಲೇ ಇರಲಿಲ್ಲ ಅಂತ ರೆನ್ವಾರ್ ಅವರೇ ಹೇಳಿದ್ದಾರಲ್ಲ, ನಿಜವೇ?

ತಿಂಗಳಿಗೊಂದಾದರೂ ಈ ಪತ್ರ ಬರುತ್ತದೆ. ಮೊದಲಿಗೆ, ಆ ಮಾತನ್ನು ಬರೆದಿಟ್ಟವರು ರೆನ್ವಾರ್ ಅಲ್ಲ, ಅವರ ಮಗ, ಸಿನಿಮಾ ನಿರ್ದೇಶಕ ಜಾನ್ ರೆನ್ವಾರ್. ಅದೂ ತಂದೆ ತೀರಿಕೊಂಡು 40 ವರ್ಷ ದಾಟಿದ ಮೇಲೆ, ನೆನಪಿನಿಂದ. ಅಪ್ಪ ಹಾಗೆ ಹೇಳಿರಬಹುದು. ಆದರೆ ಭಾಷಣಗಳಲ್ಲಿ, ಪ್ರದರ್ಶನದ ಕರಪತ್ರಗಳಲ್ಲಿ ಅದನ್ನು ಸಾಕ್ಷಿಯ ಹಾಗೆ ಮುಂದಿಡುವವರು ಒಮ್ಮೆಯಾದರೂ ಇಸವಿಗಳನ್ನು ನೋಡಬೇಕಿತ್ತು.

ಲಂಡನ್ನಿನಲ್ಲಿದ್ದ ಅಮೆರಿಕದ ಚಿತ್ರಕಾರ ಜಾನ್ ಗೋಫ್ ರ‍್ಯಾಂಡ್ ತವರದ ಟ್ಯೂಬಿಗೆ ಪೇಟೆಂಟ್ ಪಡೆದದ್ದು 1841ರಲ್ಲಿ. ರೆನ್ವಾರ್ ಹುಟ್ಟಿದ್ದು ಅದೇ ವರ್ಷ, ಅವರ ಜೊತೆಗಾರ ಮೋನೆ ಅದರ ಹಿಂದಿನ ವರ್ಷ. ಈ ಇಂಪ್ರೆಷನಿಸ್ಟರ ಗುಂಪಿನ ಮೊದಲ ಪ್ರದರ್ಶನ ನಡೆದದ್ದು 1874ರಲ್ಲಿ. ಟ್ಯೂಬೊಂದೇ ಕಾರಣವಾಗಿದ್ದರೆ ಅದು 33 ವರ್ಷ ಕಾಯಬೇಕಿರಲಿಲ್ಲ. ಇನ್ನು ಬಯಲಿನ ಮಾತು. ಟ್ಯೂಬ್ ಹುಟ್ಟುವುದಕ್ಕೆ ಸುಮಾರು 20 ವರ್ಷ ಮೊದಲೇ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನಿಂತು ಎಣ್ಣೆಬಣ್ಣದಲ್ಲಿ ಮೋಡಗಳನ್ನು ಬರೆದು, ಹಿಂಬದಿಯಲ್ಲಿ ಹೊತ್ತು, ಹವೆ ಗುರುತು ಹಾಕಿಟ್ಟಿದ್ದರು. ಫ್ರಾನ್ಸಿನ ಚಿತ್ರಕಾರ ಕೊರೊ 1826ರಲ್ಲಿ ಇಟಲಿಯ ಬಿಸಿಲಿನಲ್ಲಿ ಕೂತು ಎಣ್ಣೆಬಣ್ಣದಲ್ಲೇ ಬರೆಯುತ್ತಿದ್ದರು.

ಅವರೆಲ್ಲ ಬಣ್ಣ ಒಯ್ಯುತ್ತಿದ್ದದ್ದು ಹಂದಿಯ ಮೂತ್ರಕೋಶದ ಚೀಲದಲ್ಲಿ. ಅರೆದ ಬಣ್ಣದ ಸಣ್ಣ ಮುದ್ದೆಯನ್ನು ಅದರಲ್ಲಿಟ್ಟು ದಾರದಿಂದ ಬಿಗಿಯುತ್ತಿದ್ದರು. ಬೇಕಾದಾಗ ಸಣ್ಣ ಮೊಳೆಯಿಂದ ಚುಚ್ಚಿ, ಹಿಂಡಿ, ಅದೇ ಮೊಳೆಯನ್ನು ತೂತಿಗೆ ಬಿರಡೆಯಂತೆ ಇಡುವುದು. ಒಮ್ಮೆ ಚುಚ್ಚಿದ ಮೇಲೆ ಒಳಗೆ ಗಾಳಿ ಹೋಗಿ ಬಣ್ಣ ಗಟ್ಟಿಯಾಗುತ್ತಿತ್ತು, ಚೀಲ ಕೆಲವೊಮ್ಮೆ ಒಡೆದೂ ಹೋಗುತ್ತಿತ್ತು. ತವರದ ಗುಣ ಬೇರೆ. ಹಿಂಡಿದರೆ ಹಿಂಡಿದಲ್ಲೇ ಚಪ್ಪಟೆಯಾಗಿ ನಿಲ್ಲುತ್ತದೆ, ಮತ್ತೆ ಉಬ್ಬಿ ಗಾಳಿ ಎಳೆದುಕೊಳ್ಳುವುದಿಲ್ಲ. ಮುಚ್ಚಳ ತಿರುಗಿಸಿಟ್ಟರೆ ಉಳಿದ ಬಣ್ಣ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ.

ಇದರಿಂದ ಆದದ್ದು ಎರಡು. ಅಪರೂಪಕ್ಕೆ ಚೂರೇ ಬೇಕಾಗುವ ದುಬಾರಿ ಬಣ್ಣವನ್ನೂ ಒಣಗೀತೆಂಬ ಭಯವಿಲ್ಲದೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದಾಯಿತು. ಕೋಬಾಲ್ಟ್ ನೀಲಿ, ಕ್ರೋಮ್ ಹಳದಿ, 1859ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದ ವಿರಿಡಿಯನ್ ಹಸಿರು, ಎಲ್ಲವೂ ಒಟ್ಟಿಗೆ ಕೈಗೆ ಸಿಕ್ಕವು. ಎರಡನೆಯದನ್ನು ಯಾರೂ ಹೇಳುವುದಿಲ್ಲ. ಯಂತ್ರದಲ್ಲಿ ಗಸಗಸೆ ಎಣ್ಣೆ ಹಾಕಿ ಅರೆದ ಟ್ಯೂಬಿನ ಬಣ್ಣ ಬೆಣ್ಣೆಯ ಹಾಗಿರುತ್ತದೆ, ಹರಿಯುವುದಿಲ್ಲ. ತಗಡಿನ ಪಟ್ಟಿ ಬಿಗಿದ ಚಪ್ಪಟೆ ಬ್ರಷ್ ಕೂಡ ಆ ಶತಮಾನದ್ದೇ. ಆ ಬ್ರಷ್ಷಿನಲ್ಲಿ ಈ ಬಣ್ಣ ಎತ್ತಿ ಒತ್ತಿದರೆ ಗುರುತು ಹಾಗೇ ಉಳಿಯುತ್ತದೆ. ನಾವು ಇಂಪ್ರೆಷನಿಸಂ ಅಂತ ಗುರುತು ಹಿಡಿಯುವುದು ಈ ಒತ್ತುಗಳನ್ನೇ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೋನೆಯವರ ‘ಟ್ರೂವಿಲ್ ಕಡಲತೀರ’ ಇದೆ. 1870ರ ಬೇಸಿಗೆಯದು. ಸುಮಾರು 38 ಸೆಂ.ಮೀ. ಎತ್ತರ, 46 ಸೆಂ.ಮೀ. ಅಗಲ, ಕಂಕುಳಲ್ಲಿ ಇರುಕಿಕೊಂಡು ಹೋಗುವಷ್ಟು ಚಿಕ್ಕದು. ಇಬ್ಬರು ಹೆಂಗಸರು, ನಡುವೆ ಖಾಲಿ ಕುರ್ಚಿ. ಎಡಗಡೆ ಕೂತವರು ಹೆಂಡತಿ ಕಮೀಯ್, ಮದುವೆಯಾಗಿ ಆಗಷ್ಟೇ ಕೆಲವು ವಾರ. ಆ ಚಿತ್ರದ ಬಣ್ಣದೊಳಗೆ ಮರಳಿನ ಕಣಗಳು, ಕಪ್ಪೆಚಿಪ್ಪಿನ ಚೂರುಗಳು ಹೂತುಕೊಂಡಿವೆ. ಬಣ್ಣ ಹಸಿಯಾಗಿದ್ದಾಗ ಗಾಳಿ ತಂದು ಹಾಕಿದ್ದು. ಅದು ಕಡಲತೀರದಲ್ಲೇ ಬರೆದದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಎಲ್ಲವೂ ಹೀಗಲ್ಲ. ಎಣ್ಣೆಬಣ್ಣ ಒಣಗಲು ದಿನಗಳು ಬೇಕು, ಬೆಳಕು ಅರ್ಧ ಗಂಟೆ ನಿಲ್ಲುವುದಿಲ್ಲ. 1866ರಲ್ಲಿ ಮೋನೆ ‘ತೋಟದಲ್ಲಿ ಹೆಂಗಸರು’ ಬರೆಯಲು ಹೊರಟಾಗ ಕ್ಯಾನ್ವಾಸ್ ಎರಡೂವರೆ ಮೀಟರ್ ಎತ್ತರ. ಮೇಲ್ಭಾಗ ಕೈಗೆಟುಕಲಿ ಅಂತ ನೆಲದಲ್ಲಿ ಕಂದಕ ತೋಡಿ ಅದನ್ನು ಕೆಳಗಿಳಿಸಿದರು. ಆಮೇಲೂ ಅದು ಮುಗಿದದ್ದು ಒಳಗೆ ಕೂತೇ. 1892-93ರಲ್ಲಿ ಶುರುವಾದ ರುಆಂ ಕ್ಯಾಥೆಡ್ರಲ್ ಸರಣಿಯನ್ನು ಜಿವರ್ನಿಯ ಸ್ಟುಡಿಯೊದಲ್ಲಿ ತಿದ್ದಿ ತಿದ್ದಿ ಮುಗಿಸಿದರು. ಈ ಬಗ್ಗೆ ಗೊಣಗಾಟ ಎದ್ದಾಗ, 1905ರಲ್ಲಿ ತಮ್ಮ ವ್ಯಾಪಾರಿ ದ್ಯುರಾಂ-ರುಯೆಲ್‌ಗೆ, ಅವನ್ನು ನೋಡಿ ಬರೆದೆನೋ ಇಲ್ಲವೋ ಯಾರಿಗೂ ಸಂಬಂಧಪಟ್ಟ ವಿಷಯವಲ್ಲ ಎಂದು ಬರೆದುಬಿಟ್ಟರು.

ವ್ಯತ್ಯಾಸ ನೀವೇ ಪತ್ತೆ ಮಾಡಬಹುದು. ಒಂದು ಒತ್ತಿನ ಮೇಲೆ ಇನ್ನೊಂದು ಬಿದ್ದ ಜಾಗ ಹುಡುಕಿ. ಮೇಲಿನ ಬಣ್ಣ ಕೆಳಗಿನದನ್ನು ಎಳೆದುಕೊಂಡು ಕಲಸಿಕೊಂಡಿದ್ದರೆ ಅದು ಒಂದೇ ಕೂತಿನ ಕೆಲಸ. ಮೇಲಿನದು ಕೆಳಗಿನ ಉಬ್ಬುಗಳ ತುದಿಗೆ ಮಾತ್ರ ತಾಕಿ ತುಂಡುತುಂಡಾಗಿದ್ದರೆ ನಡುವೆ ದಿನಗಳು ಹೋಗಿವೆ. ಕ್ಯಾಥೆಡ್ರಲ್‌ಗಳಲ್ಲಿ ಅದು ಗಾರೆಯ ಹಾಗೆ ಪದರ ಪದರವಾಗಿ ಕಾಣುತ್ತದೆ. ದಯವಿಟ್ಟು ಮೊಬೈಲಿನಲ್ಲಿ ನೋಡಿ ತೀರ್ಮಾನಿಸಬೇಡಿ. ದೊಡ್ಡದಾಗಿ ಹಿಗ್ಗಿಸಿದ ಒಳ್ಳೆಯ ಚಿತ್ರವಾದರೂ ಬೇಕು, ಬೆಳಕು ಪಕ್ಕದಿಂದ ಬಿದ್ದಿರಬೇಕು.

ಪ್ರಶ್ನೆ: ಕ್ಯಾಮೆರಾ ಬಂದು ಚಿತ್ರಕಾರರ ಹೊಟ್ಟೆಗೆ ಹೊಡೆಯಿತು. ಅದಕ್ಕೇ ಮಸುಕಾಗಿ ಬರೆಯತೊಡಗಿದರು, ಡೆಗಾ ಕೊಡಕ್ ಫೋಟೊ ನೋಡಿ ಅಂಚು ಕತ್ತರಿಸಿದ ಅಂತ ಓದಿದೆ. ಹೌದಾ?

ಕ್ಯಾಮೆರಾ ಹೊಟ್ಟೆಗೆ ಹೊಡೆದದ್ದು ದಂತದ ಬಿಲ್ಲೆಯ ಮೇಲೆ ಪುಟ್ಟ ಭಾವಚಿತ್ರ ಬರೆದು ಬದುಕುತ್ತಿದ್ದವರಿಗೆ. ಮೋನೆ, ಪಿಸಾರೊ ಅವರದ್ದು ಆ ಕಸುಬಲ್ಲ. ಆ ಕಾಲದ ಗಾಜಿನ ಪ್ಲೇಟಿಗೆ ನೀಲಿ ಬೆಳಕು ಬೇಗ ತಾಕುತ್ತಿತ್ತು. ಕೆಂಪು, ಹಳದಿ, ಹಸಿರು ಅಷ್ಟಾಗಿ ತಾಕುತ್ತಿರಲಿಲ್ಲ. ಹಾಗಾಗಿ ಫೋಟೊದಲ್ಲಿ ಆಕಾಶ ಬರೀ ಬಿಳಿ, ಗಿಡಮರ ಕಪ್ಪು ಮುದ್ದೆ. ಮೋನೆ ಹಿಂದೆ ಬಿದ್ದದ್ದು ಆಕಾಶ, ಎಲೆ, ನೀರು, ನೆರಳಿನ ನೇರಳೆ ಬಣ್ಣ. ಕ್ಯಾಮೆರಾಕ್ಕೆ ಆಗ ಕೈಲಾಗದಿದ್ದ ಕೆಲಸವೇ ಅದು. ಫೋಟೊದವರ ಜೊತೆ ಜಗಳವೂ ಇರಲಿಲ್ಲ. 1874ರ ಪ್ರದರ್ಶನ ನಡೆದದ್ದೇ ಫೋಟೊಗ್ರಾಫರ್ ನಾದಾರ್ ಅವರ ಹಳೆಯ ಸ್ಟುಡಿಯೊದಲ್ಲಿ.

ಡೆಗಾ ಅವರ ‘ಪ್ಲಾಸ್ ದ ಲಾ ಕಾಂಕೋರ್ಡ್’ 1875ರ ಸುಮಾರಿನದು. ಅದರಲ್ಲಿ ಒಬ್ಬ ಗಂಡಸು ಎಡ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿದಂತೆ ನಿಂತಿದ್ದಾನೆ. ಕೊಡಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1888ರಲ್ಲಿ. 13 ವರ್ಷ ಆಮೇಲೆ ಬಂದದ್ದನ್ನು ನೋಡಿ ಕಲಿತರು ಅನ್ನುವುದಾದರೂ ಹೇಗೆ? ಅಂಚಿನಲ್ಲಿ ಹೀಗೆ ಕತ್ತರಿಸುವುದು ಅವರು ಕೂಡಿಟ್ಟುಕೊಂಡಿದ್ದ ಜಪಾನಿ ಮರದಚ್ಚಿನ ಚಿತ್ರಗಳಲ್ಲಿ ಧಾರಾಳವಾಗಿತ್ತು. ಡೆಗಾ ಫೋಟೊದಿಂದ ನಿಜಕ್ಕೂ ಕಲಿತದ್ದು ಕುದುರೆಯ ಕಾಲು. ಅಲ್ಲಿಯವರೆಗೆ ಓಡುವ ಕುದುರೆ ಅಂದರೆ ನಾಲ್ಕೂ ಕಾಲು ಹಿಂದೆ ಮುಂದೆ ಚಾಚಿ ಹಾರುವುದು. ಫೋಟೊಗ್ರಾಫರ್ ಮೈಬ್ರಿಜ್ 1878ರಲ್ಲಿ ಸಾಲು ಕ್ಯಾಮೆರಾ ಇಟ್ಟು ತೆಗೆದಾಗ, ನಾಲ್ಕೂ ಕಾಲು ನೆಲ ಬಿಡುವುದು ಹೊಟ್ಟೆಯಡಿ ಮಡಚಿಕೊಂಡ ಕ್ಷಣದಲ್ಲಿ ಎಂದು ಗೊತ್ತಾಯಿತು. ಡೆಗಾ ಆ ಫೋಟೊಗಳನ್ನು ಎದುರಿಗಿಟ್ಟುಕೊಂಡು ಬರೆದು ಅಭ್ಯಾಸ ಮಾಡಿದರು. ಅವರು ತಾವೇ ಕ್ಯಾಮೆರಾದ ಹುಚ್ಚು ಹಿಡಿಸಿಕೊಂಡದ್ದು 1895ರಲ್ಲಿ. ಆಗ ಗೆಳೆಯರನ್ನು ರಾತ್ರಿ ದೀಪದ ಬೆಳಕಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಕೂರಿಸುತ್ತಿದ್ದರು. ಅದಕ್ಕೂ ದಿಢೀರ್ ಸ್ನ್ಯಾಪ್‌ಗೂ ಏನೂ ಸಂಬಂಧವಿಲ್ಲ.

ಪ್ರಶ್ನೆ: ಮೋನೆಗೆ ಕಣ್ಣಿನ ಪೊರೆ ಇದ್ದದ್ದರಿಂದ ಹಾಗೆ ಕಾಣುತ್ತಿತ್ತಂತೆ?

ಪೊರೆ ಪತ್ತೆಯಾದದ್ದು 1912ರಲ್ಲಿ, ‘ಇಂಪ್ರೆಷನ್, ಸೂರ್ಯೋದಯ’ 1872ರದ್ದು.

ಪ್ರಶ್ನೆ: ಒಂದು ಕಾರ್ಯಾಗಾರದಲ್ಲಿ ಕಪ್ಪು ಬಣ್ಣವೇ ಇಲ್ಲದ ‘ಇಂಪ್ರೆಷನಿಸ್ಟ್ ಕಿಟ್’ ಮಾರುತ್ತಿದ್ದಾರೆ. ಕೊಳ್ಳಬಹುದೇ?

ಬೇಡ. ಅಂಥ ಕಿಟ್ ಹೊತ್ತು ಬಂದ ಮಕ್ಕಳನ್ನು ನನ್ನ ತರಗತಿಯಲ್ಲೂ ನೋಡಿದ್ದೇನೆ, ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಇಂಪ್ರೆಷನಿಸ್ಟರು ಕಪ್ಪು ಮುಟ್ಟಲೇ ಇಲ್ಲ ಎಂಬುದು ಸುಳ್ಳು. ರೆನ್ವಾರ್ ಅವರ ‘ಲಾ ಲೋಜ್’ ನೋಡಿ, 1874ರದ್ದು. ನಾಟಕಶಾಲೆಯಲ್ಲಿ ಕೂತ ಆ ಹೆಂಗಸಿನ ಉಡುಪಿನ ಅಗಲವಾದ ಕಪ್ಪು ಪಟ್ಟೆಗಳ ಮೇಲೇ ಇಡೀ ಚಿತ್ರ ನಿಂತಿದೆ. ಆ ದುಡ್ಡಿಗೆ ಬಿಳಿ ಬಣ್ಣದ ದೊಡ್ಡ ಟ್ಯೂಬ್ ಎರಡು ತನ್ನಿ, ಎಲ್ಲಕ್ಕಿಂತ ಬೇಗ ಮುಗಿಯುವುದು ಅದೇ.