ಮಹಾಕುಸಿತದ ಚಾರ್ಟ್: ಬಾಣ ಕೆಳಕ್ಕೆ ಮಾತ್ರ ಹೋದರೆ ಸಾಲದು

*ಪ್ರಶ್ನೆ: ಬಿ.ಎ. ಅಸೈನ್‌ಮೆಂಟ್‌ಗೆ 1929ರ ಆರ್ಥಿಕ ಮಹಾಕುಸಿತದ ಕಾರಣ–ಪರಿಣಾಮ ಫ್ಲೋ ಚಾರ್ಟ್ ಮಾಡಬೇಕು. ಷೇರುಪೇಟೆ ಕುಸಿತದಿಂದ ಶುರು ಮಾಡಿದ್ದೇನೆ. ಎಷ್ಟು ಬಾಕ್ಸ್ ಇದ್ದರೆ ಸಾಕು? ಯಾವ ಆ್ಯಪ್‌ನಲ್ಲಿ ನೀಟಾಗಿ ಬರುತ್ತೆ?*

ಹನ್ನೊಂದು ವರ್ಷದ ಹಿಂದೆ ಸೆಮಿನಾರಿಗೆ ಅಂತ ಇದೇ ಚಾರ್ಟ್ ಮಾಡಿಕೊಂಡು ಹೋಗಿ ಇಡೀ ಕ್ಲಾಸಿನ ಮುಂದೆ ಬೆಪ್ಪನ ಹಾಗೆ ನಿಂತಿದ್ದೆ. ಅದಕ್ಕೇ ಬರೀತಿದ್ದೀನಿ.

ನನ್ನದು ದೊಡ್ಡ ಬಿಳಿ ಚಾರ್ಟ್ ಶೀಟು. ರಾತ್ರಿ ಎರಡು ಗಂಟೆವರೆಗೂ ಸ್ಕೇಲು, ಸ್ಕೆಚ್ ಪೆನ್ನು ಹಿಡಿದು ಕೂತಿದ್ದೆ. ತಲೆಯ ಮೇಲೆ ಕೆಂಪು ಬಾಕ್ಸು: "29 ಅಕ್ಟೋಬರ್ 1929, ಷೇರುಪೇಟೆ ಕುಸಿತ". ಅದರ ಕೆಳಗೆ "ಬ್ಯಾಂಕುಗಳ ದಿವಾಳಿ", ಅದರ ಕೆಳಗೆ "ಕಾರ್ಖಾನೆಗಳು ಬಂದ್", ತಳದಲ್ಲಿ ಕಪ್ಪಗೆ "ನಿರುದ್ಯೋಗ". ಒಟ್ಟು ಹನ್ನೊಂದು ಬಾಕ್ಸು, ಹತ್ತು ಬಾಣ. ಒಂದೂ ಸೊಟ್ಟಗಿರಲಿಲ್ಲ. ಜೋಗದ ನೀರಿನ ಹಾಗೆ ಎಲ್ಲವೂ ಮೇಲಿಂದ ಕೆಳಕ್ಕೆ.

ನಮ್ಮ ಮೇಷ್ಟ್ರು ಚಾರ್ಟನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎರಡೇ ಪ್ರಶ್ನೆ ಕೇಳಿದರು.

"ಅಮೆರಿಕದಲ್ಲಿ ಆಗ ಹನ್ನೆರಡು ಕೋಟಿ ಜನ. ಷೇರು ದಲ್ಲಾಳಿಗಳ ಹತ್ತಿರ ಖಾತೆ ಇಟ್ಟಿದ್ದವರು ಹದಿನೈದು ಲಕ್ಷದಷ್ಟು. ಷೇರೇ ಇಲ್ಲದವನ ಹೊಲ ಯಾಕಪ್ಪಾ ಹೋಯ್ತು?"

ನಾನು ಏನೋ ತೊದಲಿದೆ.

"ಆಯ್ತು ಬಿಡು. ನಿನ್ನ ಲೆಕ್ಕದಲ್ಲಿ ನಿರುದ್ಯೋಗ ಬಂತು, ಕಥೆ ಮುಗೀತು. ಹಾಗಿದ್ರೆ 1930ಕ್ಕೇ ನಿಲ್ಲಬೇಕಿತ್ತು. 1933ರ ತನಕ ಬೀಳ್ತಾನೇ ಇತ್ತಲ್ಲ, ಯಾರು ತಳ್ತಾ ಇದ್ರು?"

ನನ್ನ ಹತ್ತು ಬಾಣದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇಪ್ಪತ್ತಕ್ಕೆ ಎಂಟು ಅಂಕ ಬಂತು. ಅಂತರ ಕಾಲೇಜು ಸೆಮಿನಾರಿಗೆ ನನ್ನ ಬದಲು ಬೇರೆಯವಳು ಹೋದಳು. ಅವಳ ಅಕ್ಷರ ಕಾಗೆ ಕಾಲಿನ ಹಾಗಿತ್ತು, ಚಾರ್ಟ್ ಮಾತ್ರ ಸರಿಯಿತ್ತು.

ತಪ್ಪು ಎಲ್ಲಿತ್ತು ಅನ್ನೋದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದೇ ದಾರಿಯಲ್ಲಿದ್ದೀರಿ. ಷೇರುಪೇಟೆಯಿಂದ ಬ್ಯಾಂಕ್ ದಿವಾಳಿಗೆ ನಾನು ಎಳೆದದ್ದು ಒಂದು ಅಂಗುಲದ ಬಾಣ. ನಿಜದಲ್ಲಿ ಆ ಒಂದು ಅಂಗುಲದೊಳಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇದೆ. ಷೇರು ಬಿದ್ದದ್ದು 1929ರ ಅಕ್ಟೋಬರ್. ಬ್ಯಾಂಕುಗಳು ಸಾಲುಸಾಲಾಗಿ ಮುಚ್ಚೋಕೆ ಶುರುವಾದದ್ದು 1930ರ ನವೆಂಬರ್–ಡಿಸೆಂಬರ್. ನ್ಯೂಯಾರ್ಕಿನ ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್ (ಹೆಸರು ಹಾಗಿದೆ ಅಷ್ಟೆ, ಅದು ಖಾಸಗಿ ಬ್ಯಾಂಕು) ಬಾಗಿಲು ಹಾಕಿದ್ದು 1930ರ ಡಿಸೆಂಬರ್ 11ಕ್ಕೆ. ನಡುವೆ, 1930ರ ಏಪ್ರಿಲ್ ಹೊತ್ತಿಗೆ, ಅಲ್ಲಿನ ಷೇರು ಬೆಲೆಗಳ ಏರಿಳಿತ ತೋರಿಸೋ ಡೌ ಜೋನ್ಸ್ ಸೂಚ್ಯಂಕ ಕಳೆದುಕೊಂಡದ್ದರಲ್ಲಿ ಸುಮಾರು ಅರ್ಧದಷ್ಟನ್ನು ವಾಪಸ್ ಗಳಿಸಿತ್ತು ಕೂಡ. ಷೇರು ಬಿದ್ದದ್ದೇ ಬ್ಯಾಂಕನ್ನು ನೇರವಾಗಿ ಕೆಡವಿದ್ದರೆ ಇಷ್ಟು ದಿನ ಕಾಯಬೇಕಿರಲಿಲ್ಲ.

ಇನ್ನೊಂದು ಮಾತು. ಷೇರು ಬೀಳೋಕೆ ಮೊದಲೇ, 1929ರ ಜುಲೈ–ಆಗಸ್ಟ್ ಹೊತ್ತಿಗೇ, ಅಮೆರಿಕದ ಕಾರ್ಖಾನೆಗಳ ಉತ್ಪಾದನೆ ಇಳಿಮುಖವಾಗಿತ್ತು. ಸಟ್ಟಾ ವ್ಯಾಪಾರಕ್ಕೆ ಕಡಿವಾಣ ಹಾಕಬೇಕು ಅಂತ ಅಮೆರಿಕದ ಕೇಂದ್ರ ಬ್ಯಾಂಕಿನ ನ್ಯೂಯಾರ್ಕ್ ಶಾಖೆ, ಅಂದರೆ ನ್ಯೂಯಾರ್ಕ್ ಫೆಡರಲ್ ರಿಸರ್ವ್, ಆಗಸ್ಟಿನಲ್ಲಿ ಬಡ್ಡಿಯನ್ನು ಶೇ. 6ಕ್ಕೆ ಏರಿಸಿತ್ತು. ಅಂದರೆ ನಿಮ್ಮ "ಮೊದಲ" ಬಾಕ್ಸಿನ ಮೇಲೆ ಇನ್ನೊಂದು ಬಾಕ್ಸು ಬೇಕು: "ದುಬಾರಿ ಸಾಲ". ಷೇರುಪೇಟೆಯನ್ನು ತೆಗೆದುಹಾಕಿ ಅಂತ ನಾನು ಹೇಳ್ತಿಲ್ಲ. ಜನ ಹೆದರಿ ಕಾರು, ರೇಡಿಯೊ ಕೊಳ್ಳೋದನ್ನು ಮುಂದೂಡಿದರು, ಆ ಪೆಟ್ಟು ನಿಜ. ಆದರೆ ಅದು ಬಂಡಿಗೆ ಬಿದ್ದ ಮೊದಲ ನೂಕು. ಬಂಡಿ ಮೂರು ವರ್ಷ ಉರುಳಿದ್ದು ಬೇರೆ ಕಾರಣಕ್ಕೆ.

ಆ ಕಾರಣ ಒಂದು ಚಕ್ರ. ಚಾರ್ಟಿನ ನಡುವೆ ಇರಬೇಕಾದದ್ದು ಅದೇ, ಮಿಕ್ಕಿದ್ದೆಲ್ಲ ಅದರ ಸುತ್ತ. ಒಬ್ಬ ಗೋಧಿ ಬೆಳೆಗಾರನನ್ನು ಇಟ್ಟುಕೊಂಡು ನೋಡಿ. ಅಮೆರಿಕದ ಕನ್ಸಾಸ್ ರಾಜ್ಯದವನು ಅಂದುಕೊಳ್ಳಿ, ಬ್ಯಾಂಕಿನಲ್ಲಿ ಸಾವಿರ ಡಾಲರ್ ಸಾಲ. 1929ರಲ್ಲಿ ಒಂದು ಬುಶೆಲ್, ಅಂದರೆ ಸುಮಾರು 27 ಕಿಲೋ, ಗೋಧಿಗೆ ಹೊಲದ ಬಾಗಿಲಲ್ಲಿ ಒಂದು ಡಾಲರಿಗಿಂತ ಚೂರು ಜಾಸ್ತಿ ಸಿಗ್ತಿತ್ತು. ಸಾವಿರ ಬುಶೆಲ್ ಮಾರಿದರೆ ಸಾಲ ತೀರಿತು. 1932ಕ್ಕೆ ಅದೇ ಬುಶೆಲ್‌ಗೆ ಸುಮಾರು 38 ಸೆಂಟು. ಈಗ ಅದೇ ಸಾಲ ತೀರಿಸೋಕೆ 2,600 ಬುಶೆಲ್ ಬೇಕು. ಪತ್ರದಲ್ಲಿ ಸಾಲ ಒಂದು ಸೆಂಟೂ ಹೆಚ್ಚಿಲ್ಲ, ಹೊಲದ ಲೆಕ್ಕದಲ್ಲಿ ಎರಡೂವರೆ ಪಟ್ಟು ದಾಟಿದೆ. ಅವನು ಏನು ಮಾಡ್ತಾನೆ? ಇನ್ನಷ್ಟು ಮಾರ್ತಾನೆ. ಪಕ್ಕದವನೂ ಮಾರ್ತಾನೆ. ಬೆಲೆ ಇನ್ನೂ ಇಳಿಯುತ್ತೆ.

ಕೊನೆಗೆ ಸಾಲ ಸುಸ್ತಿಗೆ ಬೀಳುತ್ತೆ. ಆ ಊರಿನ ಬ್ಯಾಂಕಿನ ಹತ್ತಿರ ಇರೋದು ಇಂಥವೇ ನೂರು ಸಾಲ. ಆಗ ಠೇವಣಿಗೆ ಸರ್ಕಾರದ ವಿಮೆ ಇರಲಿಲ್ಲ, ಹಾಗಾಗಿ ಸುದ್ದಿ ಹಬ್ಬಿದ ದಿನವೇ ಬಾಗಿಲಲ್ಲಿ ಸಾಲು. (ನಾನೀಗ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೀತೀನಿ. ಠೇವಣಿದಾರ ಕೌಂಟರಿನ ಮುಂದೆ ಸುಮ್ಮನೆ ನಿಂತು, ಏನೂ ಕೇಳದೆ, ಒಳಗೆ ಇಣುಕಿ ನೋಡೋ ನೋಟ ಎಂಥದ್ದು ಅಂತ ಗೊತ್ತು.) ಈ ಬ್ಯಾಂಕ್ ಮುಚ್ಚಿತು. ಪಕ್ಕದ ಊರಿನ ಬ್ಯಾಂಕ್ ಗಟ್ಟಿಯಾಗೇ ಇದೆ, ಆದರೂ ಹೆದರಿಕೊಂಡು ಹೊಸ ಸಾಲ ನಿಲ್ಲಿಸಿ ಹಳೇ ಸಾಲ ವಾಪಸ್ ಕೇಳುತ್ತೆ, ನಗದು ಕೂಡಿಡುತ್ತೆ. ಜನ ದುಡ್ಡನ್ನು ಮನೆಯಲ್ಲಿ ಬಚ್ಚಿಡ್ತಾರೆ. ಅಂಗಡಿಯವನಿಗೆ ಸರಕು ತರೋಕೆ ಸಾಲ ಇಲ್ಲ, ಕಾರ್ಖಾನೆಗೆ ಕೂಲಿ ಕೊಡೋಕೆ ದುಡ್ಡಿಲ್ಲ. ಕೆಲಸ ಹೋದವನು ಕೊಳ್ಳೋದನ್ನು ಬಿಡ್ತಾನೆ. ಕೊಳ್ಳೋರಿಲ್ಲದೆ ಬೆಲೆ ಮತ್ತೆ ಇಳಿಯುತ್ತೆ. ಅಲ್ಲಿಗೆ ನಾವು ಹೊರಟಲ್ಲಿಗೇ ಬಂದೆವು, ಗೋಧಿಯವನ ಸಾಲ ಇನ್ನೊಂದು ಸುತ್ತು ಭಾರವಾಯಿತು.

ಇದನ್ನೇ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1933ರಲ್ಲಿ ಬರೆದ. ಸಾಲಗಾರರು ಕಟ್ಟಿದಷ್ಟೂ ಅವರ ಸಾಲ ಬೆಳೆಯುತ್ತೆ ಅನ್ನೋದು ಅವನ ವಾದದ ಸಾರ. ಪಾಪ, ಷೇರಿನಲ್ಲಿ ಅವನೇ ಆಸ್ತಿ ಕಳೆದುಕೊಂಡಿದ್ದ. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು, ಅಮೆರಿಕದಲ್ಲಿ ಚಲಾವಣೆಯಲ್ಲಿದ್ದ ಹಣ ಮತ್ತು ಠೇವಣಿ ಎರಡೂ ಸೇರಿ ಮೂರನೇ ಒಂದು ಭಾಗದಷ್ಟು ಕರಗಿತು. ಮೇಷ್ಟ್ರ "ಯಾರು ತಳ್ತಾ ಇದ್ರು" ಅನ್ನೋ ಪ್ರಶ್ನೆಗೆ ಇದೇ ಉತ್ತರ. ಹೊರಗಿನವರು ಯಾರೂ ತಳ್ಳಬೇಕಿರಲಿಲ್ಲ. ನನ್ನ ಚಾರ್ಟಿನ ತಳದ ಬಾಕ್ಸಿನಿಂದ ಮೇಲಕ್ಕೆ ಒಂದು ಬಾಣ, ಒಂದೇ ಒಂದು, ಎಳೆದಿದ್ದರೆ ನಾನು ಬಚಾವಾಗ್ತಿದ್ದೆ.

ಹಾಗಾಗಿ ಎಷ್ಟು ಬಾಕ್ಸು ಅನ್ನೋ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಬಾಕ್ಸಿನಲ್ಲಿ ಇರೋದು ಹೆಸರು ಅಷ್ಟೆ, ಅದನ್ನು ಯಾವ ಗೈಡಿನಿಂದಲಾದರೂ ಇಳಿಸಬಹುದು. ವಿಷಯ ಇರೋದು ಬಾಣದಲ್ಲಿ. ಪ್ರತಿ ಬಾಣದ ಮೇಲೂ ಸಣ್ಣಕ್ಷರದಲ್ಲಿ ಯಾರು ಏನು ಮಾಡಿದರು ಅಂತ ಬರೀರಿ: "ಠೇವಣಿದಾರ ದುಡ್ಡು ತೆಗೆದ", "ಬ್ಯಾಂಕ್ ಸಾಲ ವಾಪಸ್ ಕೇಳಿತು". ಬರೆಯೋಕೆ ಒಬ್ಬ ಮನುಷ್ಯನೂ ಸಿಗದಿದ್ದರೆ ಆ ಬಾಣ ಸುಳ್ಳು, ಅಥವಾ ನಡುವೆ ಒಂದು ಬಾಕ್ಸ್ ತಪ್ಪಿದೆ. ಬಾಕ್ಸಿನ ಮೂಲೆಯಲ್ಲಿ ತಿಂಗಳು, ವರ್ಷವನ್ನೂ ಹಾಕಿ. ನನ್ನ ಗೆಳೆಯನೊಬ್ಬ, ಅಮೆರಿಕಕ್ಕೆ ಬರೋ ಆಮದಿನ ಮೇಲೆ ಸುಂಕ ಏರಿಸಿದ ಸ್ಮೂಟ್–ಹಾಲಿ ಕಾಯ್ದೆಯನ್ನು ಷೇರು ಕುಸಿತಕ್ಕೆ ಕಾರಣ ಅಂತ ಮೇಲೆ ಕೂರಿಸಿದ್ದ. ಆ ಕಾಯ್ದೆಗೆ ಸಹಿ ಬಿದ್ದದ್ದು 1930ರ ಜೂನ್ 17ಕ್ಕೆ. ಅದು ವ್ಯಾಪಾರವನ್ನು ಇನ್ನಷ್ಟು ಕುಗ್ಗಿಸಿತು, ಚಕ್ರದ ಪಕ್ಕದಿಂದ ಒಳಗೆ ಬರೋ ಬಾಣ ಅದು.

ಇನ್ನು ಚಿನ್ನ. ಇದನ್ನು ಬಾಕ್ಸಾಗಿ ಹಾಕಬೇಡಿ, ಚಕ್ರದ ಸುತ್ತ ಬೇಲಿಯ ಹಾಗೆ ಬರೀರಿ. ಆಗ ಪ್ರಮುಖ ದೇಶಗಳೆಲ್ಲ ತಮ್ಮ ನಾಣ್ಯವನ್ನು ಚಿನ್ನಕ್ಕೆ ಕಟ್ಟಿಹಾಕಿದ್ದವು, ಹಾಗಾಗಿ ಹೆಚ್ಚು ಹಣ ಬಿಟ್ಟರೆ ಚಿನ್ನ ಕೈಬಿಟ್ಟು ಹೋಗುತ್ತೆ ಅಂತ ಹೆದರಿ ಬ್ಯಾಂಕುಗಳಿಗೆ ಬೇಕಾದಷ್ಟು ಹಣ ಬಿಡೋಕೆ ಕೇಂದ್ರ ಬ್ಯಾಂಕುಗಳು ಹಿಂಜರಿದವು. 1931ರ ಮೇನಲ್ಲಿ ಆಸ್ಟ್ರಿಯದ ದೊಡ್ಡ ಬ್ಯಾಂಕ್ ಕ್ರೆಡಿಟ್‌ಆನ್‌ಸ್ಟಾಲ್ಟ್ ಕುಸಿಯಿತು, ಜುಲೈನಲ್ಲಿ ಜರ್ಮನಿಯ ಬ್ಯಾಂಕುಗಳು, ಸೆಪ್ಟೆಂಬರ್ 21ಕ್ಕೆ ಬ್ರಿಟನ್ ಚಿನ್ನದ ಗಂಟನ್ನೇ ಬಿಚ್ಚಿಹಾಕಿತು. ಮುಂದಿನ ಸರದಿ ಡಾಲರಿನದು ಅಂತ ಜನ ಚಿನ್ನ ಎಳೆಯತೊಡಗಿದಾಗ ನ್ಯೂಯಾರ್ಕ್ ಫೆಡರಲ್ ರಿಸರ್ವ್ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ಶೇ. 1.5ರಿಂದ 3.5ಕ್ಕೆ ಏರಿಸಿತು. ಬ್ಯಾಂಕುಗಳು ಉಸಿರುಗಟ್ಟಿ ಸಾಯುತ್ತಿದ್ದಾಗ! ಬೇಲಿ ಅಂದದ್ದು ಇದಕ್ಕೇ.

ಚಕ್ರ ಎಲ್ಲಿ ತುಂಡಾಯಿತು ಅನ್ನೋದನ್ನೂ ತೋರಿಸಿ, ಕತ್ತರಿ ಗುರುತು ಹಾಕಿದರೂ ಸಾಕು. 1933ರ ಮಾರ್ಚಿನಲ್ಲಿ ಅಮೆರಿಕದ ಹೊಸ ಅಧ್ಯಕ್ಷ ರೂಸ್ವೆಲ್ಟ್ ಬ್ಯಾಂಕುಗಳಿಗೆಲ್ಲ ರಜೆ ಘೋಷಿಸಿ, ಪರಿಶೀಲಿಸಿ ತೆರೆಸಿದ. ಏಪ್ರಿಲ್‌ನಲ್ಲಿ ಡಾಲರ್ ಚಿನ್ನದಿಂದ ಬಿಡಿಸಿಕೊಂಡಿತು. ಅದೇ ವರ್ಷ ಠೇವಣಿ ವಿಮೆಯ ಕಾಯ್ದೆ ಬಂತು. ಕತ್ತರಿ ಬಿದ್ದದ್ದು "ಠೇವಣಿದಾರ ದುಡ್ಡು ತೆಗೆದ" ಬಾಣಕ್ಕೆ ಮತ್ತು "ಬೆಲೆ ಇಳಿಕೆ" ಬಾಣಕ್ಕೆ, ಷೇರುಪೇಟೆಯ ಬಾಕ್ಸಿಗಲ್ಲ.

ಭಾರತವನ್ನು ಸೇರಿಸಿ ಅಂತ ಹೇಳಿದ್ದರೆ ಒಂದು ಮೂಲೆ ಸಾಕು. ಬೆಳೆಯ ಬೆಲೆ ಇಲ್ಲೂ ಬಿತ್ತು, ಕಂದಾಯ ಮಾತ್ರ ನಗದಿನಲ್ಲೇ ಕಟ್ಟಬೇಕಿತ್ತು. ಬ್ರಿಟನ್ ಚಿನ್ನ ಬಿಟ್ಟಾಗ ಪೌಂಡಿಗೆ ಕಟ್ಟಿದ್ದ ರೂಪಾಯಿಯೂ ಅದರ ಜೊತೆ ಇಳಿದು, ರೂಪಾಯಿ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ರೈತರ ಮನೆಯ ಒಡವೆ ಕರಗಿ ಹಡಗು ಹತ್ತಿತು. ಬಾಣದ ಮೇಲೆ ಬರೆಯೋಕೆ ಇಲ್ಲಂತೂ ಮನುಷ್ಯರಿಗೆ ಕೊರತೆಯಿಲ್ಲ.

ಆ್ಯಪ್ ಯಾವುದಾದರೂ ಆಗುತ್ತೆ, ರೆಡಿಮೇಡ್ ಹೈರಾರ್ಕಿ ಟೆಂಪ್ಲೇಟ್ ಮಾತ್ರ ಮುಟ್ಟಬೇಡಿ. ಅದು ಎಲ್ಲವನ್ನೂ ಮೇಲಿಂದ ಕೆಳಕ್ಕೇ ಜೋಡಿಸುತ್ತೆ, ನಾನು ಸ್ಕೇಲು ಹಿಡಿದು ಮಾಡಿದ ತಪ್ಪನ್ನ ಅದು ಒಂದೇ ಕ್ಲಿಕ್ಕಿಗೆ ಮಾಡಿಕೊಡುತ್ತೆ. ಖಾಲಿ ಪುಟದಲ್ಲಿ ಮೊದಲು ಆರು ಬಾಕ್ಸನ್ನು ಗಡಿಯಾರದ ಹಾಗೆ ದುಂಡಗೆ ಇಡಿ: ಬೆಲೆ ಇಳಿಕೆ, ಸಾಲದ ಭಾರ, ಸುಸ್ತಿ, ಬ್ಯಾಂಕ್ ಮುಚ್ಚುವಿಕೆ, ಸಾಲ ಸಿಗದಿರುವುದು, ಕೆಲಸ–ಕೊಳ್ಳುವಿಕೆ ಎರಡೂ ಕಡಿಮೆ. ಷೇರುಪೇಟೆಯನ್ನು ಎಡಮೂಲೆಯಲ್ಲಿ ಚಿಕ್ಕದಾಗಿ ಬರೆದು, ಅದರ ಬಾಣವನ್ನು ಆರನೇ ಬಾಕ್ಸಿಗೆ ಸೇರಿಸಿ.