ನೋಟಿಸ್ ಪೀರಿಯಡ್ ಮುಗಿದಿಲ್ಲ, ಸೇರುವ ದಿನ ಮುಂದೆ ಹಾಕಲು ಹೇಗೆ ಕೇಳಲಿ?

"ಶಿರಸಿಯಲ್ಲಿ ಕೆಲಸ. ಜೂನ್ 10ಕ್ಕೆ ರಾಜೀನಾಮೆ ಕೊಟ್ಟೆ, ನೋಟಿಸ್ 60 ದಿನ. ಕಾರವಾರದ ಹೊಸ ಕಂಪನಿ ಜುಲೈ 15ಕ್ಕೇ ಬನ್ನಿ ಅಂತಿದೆ. ಬೇಜಾರಾಗದ ಹಾಗೆ ಹೇಗೆ ಕೇಳಲಿ?"

ಮೊದಲು ಎಚ್‌ಆರ್‌ಗೆ ಫೋನ್ ಮಾಡಿ, ಅದೇ ದಿನ ಮೇಲ್ ಹಾಕಿ. "ಸ್ವಲ್ಪ ಸಮಯ ಕೊಡಿ" ಅನ್ನಬೇಡಿ, ಒಂದೇ ತಾರೀಖು ಹೇಳಿ. ಜೂನ್ 11ರಿಂದ ಎಣಿಸಿದರೆ ಆಗಸ್ಟ್ 9ಕ್ಕೆ 60 ದಿನ ಆಗುತ್ತದೆ. ಆದರೆ ಕೇಳುವುದು ಆಗಸ್ಟ್ 14. ರಿಲೀವಿಂಗ್ ಲೆಟರ್ ಎರಡು ದಿನ ತಡವಾಗುವುದು ಮಾಮೂಲಿ, ಮಳೆಗಾಲದಲ್ಲಿ ಘಟ್ಟ ಇಳಿದು ಮನೆ ಸಾಗಿಸುವುದೂ ಇದೆಯಲ್ವಾ?

ಮೇಲ್‌ನಲ್ಲಿ ಹೀಗೆ ಬರೆಯಿರಿ: "ಆಫರ್‌ಗೆ ಧನ್ಯವಾದ, ಸೇರುವುದು ಖಚಿತ. ಬೇಗ ಬಿಡಿ ಎಂದು ಈಗಿನ ಆಫೀಸಿನಲ್ಲಿ ಕೇಳಿದೆ, ಒಪ್ಪಲಿಲ್ಲ. ಆಗಸ್ಟ್ 9 ನನ್ನ ಕೊನೆಯ ದಿನ. ಆಗಸ್ಟ್ 14ಕ್ಕೆ ಸೇರಲು ದಯವಿಟ್ಟು ಅವಕಾಶ ಕೊಡಿ." ರಾಜೀನಾಮೆ ಒಪ್ಪಿದ ಮೇಲ್ ಜೊತೆಗಿಡಿ. ನಿಜವಾಗಿ ಕೇಳಿರದಿದ್ದರೆ ಆ ಸಾಲು ಬೇಡ.

ಅವರು ಫೋನಿನಲ್ಲಿ "ಆಯ್ತು" ಅಂದರೆ ಸಾಲದು. ಹೊಸ ತಾರೀಖಿನ ಆಫರ್ ಲೆಟರ್ ಕೇಳಿ ಪಡೆಯಿರಿ. ಒಪ್ಪದಿದ್ದರೆ, ಉಳಿದ ದಿನಗಳ ಹಣ ಕಟ್ಟಿ ಬಿಡುಗಡೆ ಪಡೆಯಲು ಆಗುತ್ತದಾ ನೋಡಿ. ಸುಮ್ನೆ ಎರಡೂ ಕಡೆ ಹೆಸರಿಟ್ಟುಕೊಳ್ಳಬೇಡಿ, ಪಿಎಫ್ ದಾಖಲೆಯಲ್ಲಿ ತಾರೀಖುಗಳು ಒಂದರ ಮೇಲೊಂದು ಬಂದು ಕಾಣುತ್ತವೆ.